ಮೂವತ್ತಮೂರು ಕೆಜಿ ಗೊಂಬೆ, ನೂರಿಪ್ಪತ್ತು ಕೆಜಿ ಬಾಡಿಗೆ

ಶ್ರಾವಣ ಬಂತೆಂದರೆ ಉರುಕುಂದ ಈರಣ್ಣಸ್ವಾಮಿ ಜಾತ್ರೆಗೆ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಕಡೆಯಿಂದ ಜನ ಬರುತ್ತಾರೆ. ಗುಡಿಯ ಸುತ್ತ ಸಾಲು ಸಾಲು ಅಂಗಡಿಗಳು ಏಳುತ್ತವೆ: ಬಳೆ, ಕುಂಕುಮ, ತೆಂಗಿನಕಾಯಿ, ಮಂಡಕ್ಕಿ, ಮಕ್ಕಳ ಆಟದ ಸಾಮಾನು. ಆಟದ ಸಾಮಾನಿನ ಅಂಗಡಿಯವರು ಮಾಲನ್ನು ಬೆಂಗಳೂರಿನ ಮಾಮೂಲ್‌ಪೇಟೆಯಂಥ ಸಗಟು ಪೇಟೆಯಿಂದ ತರಿಸುತ್ತಾರೆ. ಫೋನಿನಲ್ಲಿ ಆರ್ಡರ್, ಫೋನಿನಲ್ಲೇ ಹಣ. ಮಾಲು ಮಾತ್ರ ಟೂಪೇ, ಅಂದರೆ ಬಾಡಿಗೆ ಕಟ್ಟುವವರು ಇಳಿಸಿಕೊಳ್ಳುವವರು. ರೇಟು ಮಾತಾಡಿದವರು ಒಬ್ಬರು, ಬಾಕ್ಸು ಅಳೆಯುವಾಗ ನಿಂತಿದ್ದವರು ಇನ್ನೊಬ್ಬರು, ದುಡ್ಡು ಕೊಡುವವರು ಮೂರನೆಯವರು. ಹಾಗಾಗಿ ಬಿಲ್ಲು ಕೈಗೆ ಬಂದಾಗ ಅದರ ಮೇಲಿನ ಅಂಕಿಗಳು ಎಲ್ಲಿಂದ ಬಂದವೆಂದು ತಿಳಿಯುವುದೇ ಇಲ್ಲ.

ಆದೋನಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವರೆಲ್ಲ ಈ ಮಾತನ್ನು ಕೇಳಿಯೇ ಇರುತ್ತಾರೆ: "ಅಣ್ಣ, ಮೂವತ್ಮೂರು ಕೆಜಿ ಮಾಲು, ಕೆಜಿಗೆ ಹನ್ನೆರಡು ರೂಪಾಯಿ ಅಂದಿದ್ರು. ನಾಕ್ನೂರು ರೂಪಾಯಿ ಆಗ್ಬೇಕಿತ್ತು. ಎರಡು ಸಾವಿರದ ಎಂಟ್ನೂರು ಹಾಕ್ಯಾರ ನೋಡ್ರಿ." ಇದರಲ್ಲಿ ಮೋಸ ಇರಲೂಬಹುದು, ಇಲ್ಲದೆಯೂ ಇರಬಹುದು. ಅದನ್ನು ತಿಳಿಯುವ ದಾರಿ ಒಂದೇ. ಬಿಲ್ಲನ್ನು ಕೆಳಗಿನ ಒಟ್ಟು ಮೊತ್ತದಿಂದ ನೋಡದೆ ಮೇಲಿನ ಸಾಲಿನಿಂದ, ಒಂದೊಂದು ಸಾಲು ಯಾವುದರ ಮೇಲೆ ಲೆಕ್ಕವಾಗಿದೆ ಎಂದು ಕೇಳುತ್ತಾ ಇಳಿಯಬೇಕು.

ಒಂದು ಬಿಲ್ಲನ್ನೇ ಎದುರಿಗೆ ಇಟ್ಟುಕೊಳ್ಳೋಣ. ರೇಟುಗಳು ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಇಲ್ಲಿ ಹಾಕಿರುವವು ಉದಾಹರಣೆಗೆ ಹಿಡಿದವು. ಲೆಕ್ಕದ ದಾರಿ ಮಾತ್ರ ಹೆಚ್ಚು ಕಡಿಮೆ ಎಲ್ಲ ಕಡೆಯೂ ಇದೇ. ಬೆಂಗಳೂರಿನಿಂದ ಉರುಕುಂದಕ್ಕೆ ಪ್ಲಾಸ್ಟಿಕ್ ಗೊಂಬೆ, ಬಂಡಿ, ಬ್ಯಾಟು ತುಂಬಿದ ಮೂರು ರಟ್ಟಿನ ಬಾಕ್ಸು. ಒಂದೊಂದೂ 60 ಸೆಂ.ಮೀ. ಉದ್ದ, 50 ಅಗಲ, 45 ಎತ್ತರ. ಒಂದೊಂದರ ತೂಕ 11 ಕೆಜಿ. ಮಾಲಿನ ಬೆಲೆ 18,000 ರೂಪಾಯಿ.

ಆಕ್ಚುವಲ್ ವೇಟ್: 33 ಕೆಜಿ
ಚಾರ್ಜ್ಡ್ ವೇಟ್: 120 ಕೆಜಿ
ಬೇಸಿಕ್ ಫ್ರೇಟ್, ಕೆಜಿಗೆ ₹12: ₹1,440
ಫ್ಯೂಯಲ್ ಸರ್‌ಚಾರ್ಜ್, ಶೇ. 20: ₹288
ಡಾಕೆಟ್ ಚಾರ್ಜ್: ₹100
ಎಫ್‌ಒವಿ: ₹50
ಒಡಿಎ: ₹500
ಮೊತ್ತ: ₹2,378
ಜಿಎಸ್‌ಟಿ, ಶೇ. 18: ₹428.04
ಒಟ್ಟು: ₹2,806.04

ಒಟ್ಟು ಮೊತ್ತವನ್ನು ನಿಜವಾದ 33 ಕೆಜಿಗೆ ಹಂಚಿದರೆ ಕೆಜಿಗೆ 85 ರೂಪಾಯಿ ಬೀಳುತ್ತದೆ. ಹೇಳಿದ ರೇಟು 12. ಈ ದೂರವನ್ನು ಯಾವ ಯಾವ ಸಾಲು ತಂದಿತು?

ಎಲ್ಲಕ್ಕಿಂತ ಹೆಚ್ಚು ತಂದದ್ದು ಎರಡನೇ ಸಾಲು. 33 ಕೆಜಿ 120 ಕೆಜಿ ಆದ ಜಾಗ ಅದು. ಲಾರಿಗೆ ಎರಡು ಮಿತಿ ಇರುತ್ತವೆ. ಒಂದು ಹೊರುವ ತೂಕ, ಇನ್ನೊಂದು ಒಳಗಿನ ಜಾಗ. ಗೊಂಬೆ ತುಂಬಿದ ಲಾರಿ ತೂಕದ ಮಿತಿಯ ಹತ್ತಿರಕ್ಕೂ ಹೋಗದೆ ಜಾಗ ಮುಗಿಸಿಬಿಡುತ್ತದೆ. ಅದಕ್ಕೇ ಟ್ರಾನ್ಸ್‌ಪೋರ್ಟಿನವರು ಜಾಗವನ್ನೂ ಕೆಜಿಗೆ ತಿರುಗಿಸಿ, ನಿಜವಾದ ತೂಕ ಮತ್ತು ಈ ವಾಲ್ಯೂಮೆಟ್ರಿಕ್ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ಇದು ನ್ಯಾಯವಾದ ಪದ್ಧತಿಯೇ. ತಕರಾರು ಬರುವುದು ತಿರುಗಿಸುವ ವಿಧಾನದಲ್ಲಿ.

ರಸ್ತೆ ಸಾಗಣೆಯಲ್ಲಿ ಒಂದು ಘನ ಅಡಿ ಜಾಗಕ್ಕೆ ಇಷ್ಟು ಕೆಜಿ ಎಂದು ಮೊದಲೇ ಹಿಡಿದಿರುತ್ತಾರೆ. ಇದನ್ನು ಸಿಎಫ್‌ಟಿ ಎನ್ನುತ್ತಾರೆ. 6, 7, 8, 10 ಹೀಗೆ ಕಂಪನಿಗೊಂದು. ನಮ್ಮ ಬಿಲ್ಲಿನಲ್ಲಿ 8 ಹಿಡಿದಿದ್ದಾರೆ. ಲೆಕ್ಕ ಹೀಗೆ:

ಉದ್ದ × ಅಗಲ × ಎತ್ತರ ÷ 27000 × 8

60 × 50 × 45 ಅಂದರೆ 1,35,000 ಘನ ಸೆಂಟಿಮೀಟರ್. 27,000ದಿಂದ ಭಾಗಿಸಿದರೆ 5 ಘನ ಅಡಿ. 8ರಿಂದ ಗುಣಿಸಿದರೆ 40 ಕೆಜಿ. ಮೂರು ಬಾಕ್ಸಿಗೆ 120. ಅಂದರೆ ಬಿಲ್ಲಿನ ಅಂಕಿ ಅವರ ಲೆಕ್ಕದ ಪ್ರಕಾರ ಸರಿಯಾಗಿಯೇ ಇದೆ.

ಆದರೆ 27,000 ಎಂಬ ಸಂಖ್ಯೆಯನ್ನು ಸ್ವಲ್ಪ ನಿಂತು ನೋಡಬೇಕು. ಒಂದು ಅಡಿಗೆ 30 ಸೆಂಟಿಮೀಟರ್ ಎಂದು ಹಿಡಿದರೆ ಘನ ಅಡಿಗೆ 27,000 ಬರುತ್ತದೆ. ನಿಜವಾದ ಅಡಿ 30.48 ಸೆಂಟಿಮೀಟರ್. ಅದರ ಘನ ಸುಮಾರು 28,317. ಈ ಸಣ್ಣ ಹೊಂದಾಣಿಕೆಯಿಂದ ಪ್ರತಿ ಬಾಕ್ಸೂ ಶೇ. 5ರ ಹತ್ತಿರ ದೊಡ್ಡದಾಗುತ್ತದೆ. ನಮ್ಮ ಮೂರು ಬಾಕ್ಸಿನ ನಿಜವಾದ ಘನ ಅಡಿ ಲೆಕ್ಕ ಹಾಕಿದರೆ 120ರ ಬದಲು 115 ಕೆಜಿ ಆಗುತ್ತದೆ. ಸರ್‌ಚಾರ್ಜ್, ತೆರಿಗೆ ಸೇರಿ 85 ರೂಪಾಯಿ ವ್ಯತ್ಯಾಸ. ಒಂದು ಬಿಲ್ಲಿಗೆ ಇದು ದೊಡ್ಡದಲ್ಲ. ವರ್ಷವಿಡೀ ಮಾಲು ತರಿಸುವ ಆದೋನಿಯ ಬಟ್ಟೆ ಅಂಗಡಿಗೆ ಇದು ದೊಡ್ಡದೇ. ರೇಟು ಮಾತಾಡುವಾಗಲೇ ಸೆಂಟಿಮೀಟರ್ ಬೇಡ, ಇಂಚಿನಲ್ಲಿ ಅಳೆದು 1,728ರಿಂದ ಭಾಗಿಸಿ ಎಂದು ಕೇಳಬಹುದು. 12 ಇಂಚಿನ ಘನ 1,728. ಅಲ್ಲಿ ಹೊಂದಾಣಿಕೆಗೆ ಜಾಗವಿಲ್ಲ.

ವಿಮಾನ, ಎಕ್ಸ್‌ಪ್ರೆಸ್ ಕೊರಿಯರಿನವರು ಸಿಎಫ್‌ಟಿ ಬಳಸುವುದಿಲ್ಲ. ಘನ ಸೆಂಟಿಮೀಟರನ್ನು ಸಾಮಾನ್ಯವಾಗಿ 5,000ದಿಂದ ನೇರ ಭಾಗಿಸುತ್ತಾರೆ. ಅದೇ ಬಾಕ್ಸು ಅಲ್ಲಿ 27 ಕೆಜಿ, ಮೂರಕ್ಕೆ 81 ಕೆಜಿ. ಇಲ್ಲಿಯೇ ತುಂಬ ಜನ ಎಡವುತ್ತಾರೆ. ಲಾರಿಯವರು ಕೆಜಿಗೆ 12, ಕೊರಿಯರಿನವರು 17 ಎಂದರೆ ಲಾರಿಯೇ ಅಗ್ಗ ಎಂದುಕೊಳ್ಳುತ್ತೇವೆ. ಲೆಕ್ಕ ಮಾಡಿ ನೋಡಿ: ಲಾರಿಗೆ 120 × 12, ಅಂದರೆ 1,440. ಕೊರಿಯರಿಗೆ 81 × 17, ಅಂದರೆ 1,377. ಹಗುರ ಮಾಲಿಗೆ ಕೆಜಿ ರೇಟು ಕೇಳುವುದೇ ತಪ್ಪು ಪ್ರಶ್ನೆ. ಒಂದು ಘನ ಅಡಿಗೆ ಎಷ್ಟು ಬೀಳುತ್ತದೆ ಎಂದು ಕೇಳಬೇಕು. ಕೆಜಿ ರೇಟನ್ನು ಸಿಎಫ್‌ಟಿಯಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಇಲ್ಲಿ 12 × 8 ಅಂದರೆ 96 ರೂಪಾಯಿ. ಇನ್ನೊಬ್ಬ ಟ್ರಾನ್ಸ್‌ಪೋರ್ಟಿನವರು "ನಮ್ಮದು ಕೆಜಿಗೆ ಹತ್ತೇ ರೂಪಾಯಿ" ಎಂದರೂ ಅವರ ಸಿಎಫ್‌ಟಿ 10 ಆಗಿದ್ದರೆ ಘನ ಅಡಿಗೆ 100 ರೂಪಾಯಿ ಆಯಿತು. 5,000ದಿಂದ ಭಾಗಿಸುವವರಲ್ಲಿ ಒಂದು ಘನ ಅಡಿ ಎಂದರೆ 5.4 ಕೆಜಿ. 17 ರೂಪಾಯಿಯಂತೆ 92ರ ಒಳಗೇ. ಕೆಜಿಗೆ ಅತಿ ಹೆಚ್ಚು ರೇಟು ಹೇಳಿದವರೇ ಇಲ್ಲಿ ಅತಿ ಅಗ್ಗದವರು.

ಇದು ಎಲ್ಲ ಮಾಲಿಗೂ ಹೊಂದುವ ಮಾತಲ್ಲ. ನಮ್ಮ ಗೊಂಬೆಯ ಬಾಕ್ಸು ಘನ ಅಡಿಗೆ 2.2 ಕೆಜಿ ಮಾತ್ರ ತೂಗುತ್ತದೆ. ಗಾಜಿನ ಬಳೆಯ ಬಾಕ್ಸು 20 ಕೆಜಿಯ ಹತ್ತಿರ ತೂಗಬಹುದು. ಘನ ಅಡಿಗೆ 8 ಕೆಜಿಗಿಂತ ಭಾರವಾದ ಮಾಲಿಗೆ ಸಿಎಫ್‌ಟಿ 8 ಇದ್ದರೂ ಅಷ್ಟೆ, 6 ಇದ್ದರೂ ಅಷ್ಟೆ. ತಕ್ಕಡಿಯ ತೂಕವೇ ಬಿಲ್ಲಿಗೆ ಹೋಗುತ್ತದೆ. ಅಂಥ ಮಾಲಿಗೆ ಕೆಜಿ ರೇಟು ಕೇಳಿದರೆ ಸಾಕು.

ಇನ್ನು ಅಳತೆ. ಬಾಕ್ಸು ರಟ್ಟಿನ ಮೇಲೆ ಅಚ್ಚಾದ ಅಳತೆಯಲ್ಲಿ ಇರುವುದಿಲ್ಲ. ಬಾಯಿ ಮುಚ್ಚದಷ್ಟು ತುಂಬಿ ಮೇಲೆ ಟೇಪು ಸುತ್ತಿದರೆ ಹೊಟ್ಟೆ ಉಬ್ಬುತ್ತದೆ. ಹಬ್ಬಿನಲ್ಲಿ, ಅಂದರೆ ಮಾಲನ್ನು ಊರೂರಿಗೆ ಬೇರ್ಪಡಿಸುವ ದೊಡ್ಡ ಗೋಡೌನಿನಲ್ಲಿ, ಅಳೆಯುವುದು ಅತಿ ಉಬ್ಬಿದ ಜಾಗವನ್ನು. 60 ಇದ್ದದ್ದು 64, 50 ಇದ್ದದ್ದು 53, 45 ಇದ್ದದ್ದು 48 ಆಯಿತು ಎನ್ನಿ. ಒಂದೊಂದು ಬದಿಗೆ ಮೂರು ನಾಲ್ಕು ಸೆಂಟಿಮೀಟರ್, ಕಣ್ಣಿಗೆ ಕಾಣಿಸುವುದೂ ಕಷ್ಟ. ಆದರೆ ಮೂರೂ ಅಳತೆಗಳು ಒಂದಕ್ಕೊಂದು ಗುಣಿಸಿಕೊಳ್ಳುವುದರಿಂದ 40 ಕೆಜಿಯ ಬಾಕ್ಸು 48.24 ಆಗುತ್ತದೆ. ಮುಂದಿನ ಪೂರ್ಣ ಕೆಜಿಗೆ ಏರಿಸುವ ಪದ್ಧತಿ ಇದ್ದರೆ 49. ಮೂರು ಬಾಕ್ಸಿಗೆ 147. ಬಿಲ್ಲಿನ ಒಟ್ಟು 2,806ರಿಂದ 3,264 ದಾಟುತ್ತದೆ. ಮಾಲು ಅದೇ, ದೂರ ಅದೇ, 459 ರೂಪಾಯಿ ಹೆಚ್ಚು.

ಚೀಲದಲ್ಲಿ ಕಟ್ಟಿ ಕಳಿಸಿದ ಮಾಲಿನ ಪಾಡು ಇನ್ನೂ ಕೆಟ್ಟದ್ದು. ಚೀಲಕ್ಕೆ ಮೂಲೆಗಳಿಲ್ಲದಿದ್ದರೂ ಅದನ್ನು ಬಾಕ್ಸಿನಂತೆಯೇ ಅಳೆಯುತ್ತಾರೆ. ಹಮಾಲರು ಹಿಡಿದು ಎತ್ತಲು ಬಿಟ್ಟ ಚೀಲದ ಕಿವಿ, ಹಗ್ಗದ ಗಂಟು ಕೂಡ ಉದ್ದದೊಳಗೆ ಬರುತ್ತವೆ. ಕ್ಯಾಮೆರಾ ಅಥವಾ ಲೇಸರಿನಿಂದ ಅಳೆಯುವ ಯಂತ್ರಗಳಿಗೆ ಚೀಲದ ಕಿವಿ ಮಾಲೋ ಅಲ್ಲವೋ ಎಂಬ ಭೇದ ತಿಳಿಯದು. ಕಿವಿಗಳನ್ನು ಒಳಕ್ಕೆ ಮಡಚಿ ಹೊಲಿಸುವುದು, ಹಗ್ಗದ ತುದಿಗಳನ್ನು ಕತ್ತರಿಸುವುದು ಪುಕ್ಕಟೆಯಾಗಿ ಆಗುವ ಉಳಿತಾಯ.

ನಿಜವಾದ ಉಳಿತಾಯ ಇರುವುದು ಬಾಕ್ಸಿನ ಖಾಲಿ ಜಾಗದಲ್ಲಿ. ಬಂಡಿಯೊಳಗೆ ಗೊಂಬೆ, ಬಕೆಟಿನೊಳಗೆ ಚೆಂಡು ಕೂರಿಸಿ, ಬಾಕ್ಸಿನ ಎತ್ತರವನ್ನು 45ರಿಂದ 36ಕ್ಕೆ ಕತ್ತರಿಸಿ ಮುಚ್ಚಿದರೆ ಒಂದೊಂದು ಬಾಕ್ಸು 5ರ ಬದಲು 4 ಘನ ಅಡಿ ಆಗುತ್ತದೆ. 120 ಕೆಜಿ 96ಕ್ಕೆ ಇಳಿಯುತ್ತದೆ. ಬಿಲ್ಲಿನಲ್ಲಿ 408 ರೂಪಾಯಿ ಕಡಿಮೆ. ಸಗಟು ಅಂಗಡಿಯವರಿಗೆ ಇದರಲ್ಲಿ ಲಾಭವಿಲ್ಲ, ಬಾಡಿಗೆ ಅವರದಲ್ಲ. ಅವರು ಕೈಗೆ ಸಿಕ್ಕ ಬಾಕ್ಸಿಗೆ ತುಂಬುತ್ತಾರೆ. ಹೀಗೆ ತುಂಬಿ ಎಂದು ಕೇಳಬೇಕಾದವರು ತರಿಸುವವರೇ. ಪ್ಯಾಕಿಂಗಿನವನಿಗೆ ಬಾಕ್ಸಿಗೆ ಇಪ್ಪತ್ತು ರೂಪಾಯಿ ಕೊಟ್ಟು ಮಾಡಿಸಿದರೂ ಲಾಭವೇ.

ಮೂರನೇ ಸಾಲು ಬೇಸಿಕ್ ಫ್ರೇಟ್. ಇಲ್ಲಿಯವರೆಗೆ ಕನಿಷ್ಠ ದರದ ಮಾತೇ ಬರಲಿಲ್ಲ, ಏಕೆಂದರೆ 1,440 ಅದನ್ನು ದಾಟಿದೆ. ಕನಿಷ್ಠ ದರ ಕಾಣಿಸಿಕೊಳ್ಳುವುದು ಜಾತ್ರೆಯ ನಡುವೆ ಮಾಲು ಮುಗಿದಾಗ. ಗಾಜಿನ ಬಳೆ ಖಾಲಿಯಾಯಿತು, ಸೋಮವಾರಕ್ಕೆ ಬೇಕೇ ಬೇಕು ಎಂದು ಒಂದೇ ಒಂದು ಬಾಕ್ಸು ತರಿಸಿದರು ಎಂದುಕೊಳ್ಳಿ. 40 × 30 × 25 ಅಳತೆ, 22 ಕೆಜಿ ತೂಕ. ವಾಲ್ಯೂಮೆಟ್ರಿಕ್ ತೂಕ 9 ಕೆಜಿಯ ಒಳಗೆ, ಆದ್ದರಿಂದ 22ಕ್ಕೇ ಬಾಡಿಗೆ. 22 × 12 ಅಂದರೆ 264. ಆದರೆ ಕಂಪನಿಯ ಕನಿಷ್ಠ ಫ್ರೇಟ್ 400. ಹಾಗಾಗಿ ಬಿಲ್ಲಿನಲ್ಲಿ 400 ಬರುತ್ತದೆ. ಅದರ ಮೇಲೆ ಶೇ. 20 ಇಂಧನದ್ದು 80, ಡಾಕೆಟ್ 100, ಎಫ್‌ಒವಿ 50, ಒಡಿಎ 500. ಎಲ್ಲ ಸೇರಿ 1,130. ತೆರಿಗೆ ಹಚ್ಚಿದರೆ 1,333 ರೂಪಾಯಿ 40 ಪೈಸೆ.

ಇದೇ ಬಳೆಯ ಬಾಕ್ಸು ಮೊದಲ ಸಲವೇ ಗೊಂಬೆಯ ಜೊತೆ ಒಂದೇ ಡಾಕೆಟ್ಟಿನಲ್ಲಿ ಬಂದಿದ್ದರೆ? ಒಟ್ಟು ನಿಜವಾದ ತೂಕ 33 + 22, ಅಂದರೆ 55 ಕೆಜಿ. ಒಟ್ಟು ವಾಲ್ಯೂಮೆಟ್ರಿಕ್ 120 + 9, ಅಂದರೆ 129. ಬಿಲ್ಲು ಬೀಳುವುದು 129ಕ್ಕೆ. ಹೆಚ್ಚಾದದ್ದು 9 ಕೆಜಿ, 108 ರೂಪಾಯಿ. ಇಂಧನ, ತೆರಿಗೆ ಸೇರಿ 153. ಡಾಕೆಟ್, ಎಫ್‌ಒವಿ, ಒಡಿಎ ಈಗಾಗಲೇ ಕೊಟ್ಟಾಗಿದೆ, ಎರಡನೇ ಸಲ ಬರುವುದಿಲ್ಲ. 1,333ರ ಜಾಗದಲ್ಲಿ 153. ಭಾರವಾದ ಬಳೆ ಹಗುರವಾದ ಗೊಂಬೆಯ ಖಾಲಿ ತೂಕದಲ್ಲಿ ಕೂತು ಬಂತು.

ಇದು ಹೀಗೆಯೇ ಆಗಬೇಕಾದರೆ ಒಂದು ಷರತ್ತಿದೆ. ನಿಜ ತೂಕ, ವಾಲ್ಯೂಮೆಟ್ರಿಕ್ ತೂಕ ಎರಡನ್ನೂ ಇಡೀ ಡಾಕೆಟ್ಟಿಗೆ ಕೂಡಿಸಿ ಆಮೇಲೆ ಹೋಲಿಸಬೇಕು. ಕೆಲವರು ಬಾಕ್ಸು ಬಾಕ್ಸಿಗೆ ಹೋಲಿಸುತ್ತಾರೆ. ಆಗ ಗೊಂಬೆಯ ಬಾಕ್ಸಿಗೆ ವಾಲ್ಯೂಮೆಟ್ರಿಕ್ ತೂಕ, ಬಳೆಯ ಬಾಕ್ಸಿಗೆ ತಕ್ಕಡಿ ತೂಕ, ಎರಡರಲ್ಲೂ ದೊಡ್ಡದೇ ಸೇರಿ 142 ಕೆಜಿ ಆಗುತ್ತದೆ. ಬಳೆಯ ಪಾಲು 153ರ ಬದಲು 374 ರೂಪಾಯಿ. ಆದರೂ ಬೇರೆಯಾಗಿ ತರಿಸಿದ್ದಕ್ಕಿಂತ ಎಷ್ಟೋ ವಾಸಿ. ಯಾವ ಪದ್ಧತಿ ಎಂಬುದು ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಹಗುರ ಭಾರ ಎರಡೂ ಬಗೆಯ ಬಾಕ್ಸುಗಳಿರುವ ಒಂದು ಡಾಕೆಟ್ಟನ್ನು ಹಿಡಿದು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡಿದರೆ ಚಾರ್ಜ್ಡ್ ವೇಟ್ ಯಾವುದಕ್ಕೆ ತಾಳೆಯಾಗುತ್ತದೋ ಅದೇ ಅವರ ಪದ್ಧತಿ.

ಕನಿಷ್ಠ ದರದಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಕನಿಷ್ಠ ಎಂಬುದು ಎರಡು ವೇಷದಲ್ಲಿ ಬರುತ್ತದೆ. ಕನಿಷ್ಠ ತೂಕ 20 ಕೆಜಿ ಎಂದು ಒಂದು, ಕನಿಷ್ಠ ಫ್ರೇಟ್ 400 ಎಂದು ಇನ್ನೊಂದು. ರೇಟು ಹೇಳುವಾಗ ಮೊದಲನೆಯದನ್ನು ಮಾತ್ರ ಹೇಳುವುದುಂಟು. 22 ಕೆಜಿ ಇದೆಯಲ್ಲ, 20 ದಾಟಿತು, ಇನ್ನು ಕನಿಷ್ಠದ ಚಿಂತೆಯಿಲ್ಲ ಎಂದುಕೊಳ್ಳುತ್ತೇವೆ. 400 ರೂಪಾಯಿಯನ್ನು 12ರಿಂದ ಭಾಗಿಸಿದರೆ 33.3. ಅಂದರೆ 34 ಕೆಜಿ ಆಗುವವರೆಗೂ ನಿಜವಾದ ಕನಿಷ್ಠ ಅದೇ. ಅದರ ಒಳಗೆ ಎಷ್ಟು ಕೆಜಿ ತುಂಬಿದರೂ ಫ್ರೇಟ್ ಒಂದೇ. ಒಂದು ಬಾಕ್ಸು ತರಿಸಲೇಬೇಕೆಂದರೆ ಅಷ್ಟರವರೆಗೆ ಮಾಲು ಕೂಡಿಸಿ ತರಿಸುವುದು ಮೇಲು.

ಈಗ ಇಂಧನದ ಸಾಲು. ಇದರ ಬಗ್ಗೆ ಜನಕ್ಕೆ ಸಿಟ್ಟು ಹೆಚ್ಚು, ತಿಳಿವಳಿಕೆ ಕಡಿಮೆ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣ ಹೋಯಿತು. 2017ರ ಜೂನ್ 16ರಿಂದ ದಿನ ದಿನವೂ ಬೆಲೆ ಬದಲಿಸುವ ಪದ್ಧತಿ ದೇಶದ ತುಂಬ ಬಂತು. ಬಾಡಿಗೆ ರೇಟನ್ನು ದಿನಕ್ಕೊಮ್ಮೆ ಬದಲಿಸಲು ಆಗುವುದಿಲ್ಲವಾದ್ದರಿಂದ ಟ್ರಾನ್ಸ್‌ಪೋರ್ಟಿನವರು ಮೂಲ ರೇಟನ್ನು ಹಾಗೇ ಇಟ್ಟು, ಡೀಸೆಲ್ಲಿನ ಏರಿಳಿತಕ್ಕೆ ಬೇರೆ ಸಾಲು ಹಾಕುತ್ತಾರೆ. ಸರಿಯಾದ ಒಪ್ಪಂದದಲ್ಲಿ ಇದಕ್ಕೆ ಮೂರು ಸಂಗತಿ ಬರೆದಿರುತ್ತದೆ: ಮೂಲ ಡೀಸೆಲ್ ಬೆಲೆ ಎಷ್ಟು, ಅಲ್ಲಿಂದ ಒಂದು ರೂಪಾಯಿ ಏರಿದರೆ ಶೇಕಡಾ ಎಷ್ಟು ಏರುತ್ತದೆ, ಯಾವ ಊರಿನ ಬಂಕಿನ ಬೆಲೆ ಹಿಡಿಯುವುದು. ಮೂಲ ಬೆಲೆ 72, ರೂಪಾಯಿಗೆ ಶೇ. 0.8 ಎಂದಿದ್ದು ಬಂಕಿನಲ್ಲಿ 97 ಇದ್ದರೆ, 25 ರೂಪಾಯಿ ಏರಿಕೆಗೆ ಶೇ. 20.

ಮೂರನೆಯ ಸಂಗತಿ ನಮ್ಮ ಗಡಿನಾಡಿಗೆ ವಿಶೇಷವಾಗಿ ತಾಗುತ್ತದೆ. ಆಂಧ್ರದ ಬಂಕಿನಲ್ಲಿ ಡೀಸೆಲ್ ಕರ್ನಾಟಕಕ್ಕಿಂತ ದುಬಾರಿಯಾಗಿರುವುದು ಆದೋನಿಯ ಲಾರಿಯವರಿಗೆಲ್ಲ ಗೊತ್ತು. ಬಳ್ಳಾರಿ, ರಾಯಚೂರಿನ ಕಡೆ ಟ್ಯಾಂಕು ತುಂಬಿಸಿಕೊಂಡೇ ಈಚೆ ಬರುತ್ತಾರೆ. ಲಾರಿ ಹೊರಡುವುದು ಬೆಂಗಳೂರಿನಿಂದ, ಡೀಸೆಲ್ ತುಂಬುವುದು ಕರ್ನಾಟಕದಲ್ಲಿ, ಸರ್‌ಚಾರ್ಜ್ ಮಾತ್ರ ಆಂಧ್ರದ ಬೆಲೆಗೆ ಎಂದಾದರೆ ಅದನ್ನು ಪ್ರಶ್ನಿಸಲು ಕಾರಣವಿದೆ. 97ರ ಬದಲು 92 ಹಿಡಿದರೆ ಶೇ. 20 ಶೇ. 16ಕ್ಕೆ ಇಳಿಯುತ್ತದೆ.

ಬಂಕಿನ ಬೆಲೆ ನಿಂತಾಗ ಸರ್‌ಚಾರ್ಜೂ ನಿಲ್ಲಬೇಕು, ಇಳಿದಾಗ ಇಳಿಯಬೇಕು. 2022ರ ಮೇ ತಿಂಗಳಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದ ಮೇಲೆ 2024ರ ಮಾರ್ಚ್‌ವರೆಗೆ ತೈಲ ಕಂಪನಿಗಳು ಬಂಕಿನ ಬೆಲೆಯನ್ನು ಹೆಚ್ಚು ಕಡಿಮೆ ಮುಟ್ಟಲೇ ಇಲ್ಲ. ಮಾರ್ಚ್ 15ರಂದು ಲೀಟರಿಗೆ 2 ರೂಪಾಯಿ ಇಳಿಸಿದರು. ಆ ಕಾಲದ ಹಳೆ ಬಿಲ್ಲುಗಳು ಇದ್ದರೆ ತೆಗೆದು ಇಂಧನದ ಶೇಕಡಾ ಮಾತ್ರ ಸಾಲಾಗಿ ಬರೆದುಕೊಳ್ಳಿ. ಬೆಲೆ ನಿಂತಿದ್ದಾಗಲೂ ಶೇಕಡಾ ಏರುತ್ತಾ ಹೋಗಿದ್ದರೆ ಅದು ಡೀಸೆಲ್ಲಿಗೆ ಸಂಬಂಧಿಸಿದ ಏರಿಕೆಯಲ್ಲ, ರೇಟನ್ನೇ ಏರಿಸಿದ್ದು. ಏರಿಸುವ ಹಕ್ಕು ಅವರಿಗಿದೆ, ಆದರೆ ಅದನ್ನು ರೇಟು ಏರಿಕೆ ಎಂದು ಹೇಳಿ ಏರಿಸಬೇಕು.

ಶೇಕಡಾ ಸರಿಯಿದ್ದರೂ ಅದನ್ನು ಯಾವುದರ ಮೇಲೆ ಹಾಕಿದ್ದಾರೆ ಎಂಬುದನ್ನು ನೋಡಬೇಕು. ನಮ್ಮ ಬಿಲ್ಲಿನಲ್ಲಿ ಶೇ. 20 ಬಿದ್ದದ್ದು 1,440ರ ಮೇಲೆ, 288. ಇದು ಸರಿಯಾದ ಕ್ರಮ. ಡಾಕೆಟ್, ಎಫ್‌ಒವಿ, ಒಡಿಎ ಎಲ್ಲ ಕೂಡಿಸಿ 2,090ರ ಮೇಲೆ ಹಾಕಿದರೆ 418 ಆಗುತ್ತದೆ. ಕಾಗದ ಬರೆಯುವುದಕ್ಕೆ ಡೀಸೆಲ್ ಸುಡುವುದಿಲ್ಲ. ತೆರಿಗೆ ಸೇರಿ 153 ರೂಪಾಯಿಯ ಈ ವ್ಯತ್ಯಾಸ ಬಿಲ್ಲಿನ ಮೇಲೆ ಎಲ್ಲೂ ಕಾಣಿಸುವುದಿಲ್ಲ, ಶೇ. 20 ಎಂದೇ ಬರೆದಿರುತ್ತದೆ. ಇಂಧನದ ಮೊತ್ತವನ್ನು ಬೇಸಿಕ್ ಫ್ರೇಟಿನಿಂದ ಭಾಗಿಸಿ ನೋಡಿದಾಗ 0.20 ಬರಬೇಕು. 0.29 ಬಂದರೆ ಕೇಳಿ.

ಡಾಕೆಟ್ ಚಾರ್ಜ್ ಕಾಗದಪತ್ರದ್ದು, ಡಾಕೆಟ್ಟಿಗೆ ಒಂದು ಸಲ. ಎಫ್‌ಒವಿ ಎಂದರೆ ಮಾಲಿನ ಬೆಲೆಯ ಮೇಲೆ ಹಾಕುವ ಸಣ್ಣ ಶೇಕಡಾ. 18,000ಕ್ಕೆ ಶೇ. 0.2ರಂತೆ 36 ಆಗುತ್ತಿತ್ತು, ಕನಿಷ್ಠ 50 ಇರುವುದರಿಂದ 50. ಇದನ್ನು ಇನ್ಶೂರೆನ್ಸ್ ಎಂದು ತಿಳಿಯಬೇಡಿ. ರಸ್ತೆ ಸಾಗಣೆಗೆ 2007ರ ಕಾಯ್ದೆಯೊಂದಿದೆ, 1865ರ ಹಳೆ ಕಾಯ್ದೆಯ ಜಾಗಕ್ಕೆ ಬಂದದ್ದು. ಬೆಲೆ ಘೋಷಿಸಿ ಹೆಚ್ಚಿನ ಜವಾಬ್ದಾರಿ ಒಪ್ಪಿಸಿರದಿದ್ದರೆ, ಮಾಲು ಕಳೆದಾಗ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಫ್ರೇಟಿನ ಹತ್ತು ಪಟ್ಟಿಗೆ ನಿಲ್ಲುತ್ತದೆ. ನಮ್ಮ ಬಿಲ್ಲಿನಲ್ಲಿ ಅದು 14,400. ಮಾಲು 18,000ದ್ದು. ಗೊಂಬೆಗೆ ಇಷ್ಟು ಸಾಕಾದೀತು. ಎಮ್ಮಿಗನೂರಿನ ಮಗ್ಗದ ಬಟ್ಟೆಯಂಥ ಬೆಲೆಬಾಳುವ ಮಾಲಿಗೆ ಬೇರೆ ವಿಮೆ ಬೇಕು.

ಒಡಿಎ ಎಂಬುದು ಕಂಪನಿ ದಿನವೂ ಗಾಡಿ ಓಡಿಸದ ಊರಿಗೆ ತಲುಪಿಸಲು ಹಾಕುವ ಹೆಚ್ಚುವರಿ. ಆದೋನಿಗೆ ಬೀಳುವುದಿಲ್ಲ, ಉರುಕುಂದಕ್ಕೆ ಬೀಳುತ್ತದೆ. ಇದನ್ನು ಪಿನ್‌ಕೋಡ್ ನೋಡಿ ಕಂಪ್ಯೂಟರೇ ಹಾಕುತ್ತದೆ. ಇಲ್ಲಿ ಚಾರ್ಜ್ಡ್ ವೇಟಿನ ಕೆಜಿಗೆ 3 ರೂಪಾಯಿ, ಕನಿಷ್ಠ 500. 120 ಕೆಜಿಗೆ 360 ಆಗಬೇಕಿದ್ದದ್ದು ಕನಿಷ್ಠಕ್ಕೆ ಏರಿತು. ತೆರಿಗೆ ಸೇರಿ 590. ಮಾಲನ್ನು ಆದೋನಿಯ ಗೋಡೌನಿನಲ್ಲೇ ಬಿಡಿಸಿಕೊಳ್ಳುವುದಾಗಿ ಬುಕ್ ಮಾಡುವಾಗಲೇ ಹೇಳಿದರೆ ಈ ಸಾಲು ಹೋಗುತ್ತದೆ. ಹೇಗೂ ಜಾತ್ರೆಯ ಅಂಗಡಿಯವರು ಬೇರೆ ಸರಕಿಗೆಂದು ಆದೋನಿಗೆ ಬಂದು ಹೋಗುತ್ತಲೇ ಇರುತ್ತಾರೆ. ಬರುವ ಗಾಡಿಯಲ್ಲಿ ಮೂರು ಬಾಕ್ಸಿಗೆ ಜಾಗವಿದ್ದರೆ 590 ಉಳಿಯಿತು. ಎರಡು ಮುನ್ನೆಚ್ಚರಿಕೆ: ಡಾಕೆಟ್ಟಿನಲ್ಲಿ ಉರುಕುಂದದ ಪಿನ್‌ಕೋಡ್ ಹಾಕಿಸಿ ಆಮೇಲೆ ಆದೋನಿಯಲ್ಲಿ ಬಿಡಿಸಿಕೊಂಡರೆ ಒಡಿಎ ತೆಗೆಸುವುದು ಕಷ್ಟ. ಗೋಡೌನಿನಲ್ಲಿ ಪುಕ್ಕಟೆಯಾಗಿ ಇಡುವ ದಿನಗಳು ಮೀರಿದರೆ ದಿನದ ಲೆಕ್ಕದಲ್ಲಿ ಡೆಮರೇಜ್ ಶುರುವಾಗುತ್ತದೆ.

ಕೊನೆಯ ಸಾಲು ಜಿಎಸ್‌ಟಿ. ನಮ್ಮ ಬಿಲ್ಲಿನಲ್ಲಿ ಶೇ. 18, ಮೇಲಿನ ಎಲ್ಲ ಸಾಲುಗಳ ಮೊತ್ತದ ಮೇಲೆ. ಮೇಲಿನ ಯಾವುದೇ ಸಾಲಿನಲ್ಲಿ ನೂರು ರೂಪಾಯಿ ತಪ್ಪಿದ್ದರೂ ಕೊನೆಗೆ ಅದು 118 ಆಗಿರುತ್ತದೆ. ಎಲ್‌ಆರ್ ಕೊಟ್ಟು ಲಾರಿಯಲ್ಲಿ ಸಾಗಿಸುವವರಿಗೆ ಇನ್ನೊಂದು ನಿಯಮವೂ ಇದೆ. ಅಲ್ಲಿ ಶೇ. 5ರ ದರವುಂಟು, ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯೇ ಅದನ್ನು ನೇರವಾಗಿ ಸರ್ಕಾರಕ್ಕೆ ಕಟ್ಟುವ ಕ್ರಮವೂ ಉಂಟು. ಹಾಗೆ ತಾವೇ ಕಟ್ಟುವವರ ಬಿಲ್ಲಿನಲ್ಲಿ ಟ್ರಾನ್ಸ್‌ಪೋರ್ಟಿನವರೂ ತೆರಿಗೆ ಹಾಕಿದ್ದರೆ ಒಂದೇ ಬಾಡಿಗೆಗೆ ಎರಡು ಸಲ ತೆರಿಗೆ ಬಿದ್ದಂತೆ.

ತಪ್ಪು ಸಿಕ್ಕಿದ ಮೇಲೆ ಏನು ಮಾಡಬೇಕು? ಟೂಪೇ ಮಾಲಿನಲ್ಲಿ ದುಡ್ಡು ಕೊಡದೆ ಬಾಕ್ಸು ಬಿಡುವುದಿಲ್ಲ, ಜಾತ್ರೆಯೂ ಕಾಯುವುದಿಲ್ಲ. ಹಾಗಾಗಿ ಸಾಕ್ಷಿ ಮೊದಲೇ ಸಿದ್ಧವಿರಬೇಕು. ಬೆಂಗಳೂರಿನಲ್ಲಿ ಮಾಲು ಒಪ್ಪಿಸುವಾಗ ಒಂದೊಂದು ಬಾಕ್ಸಿನ ಮೂರೂ ಬದಿಗೆ ಟೇಪು ಹಿಡಿದು, ಅಂಕಿ ಕಾಣುವಂತೆ ಫೋಟೊ ತೆಗೆದು ಕಳಿಸಿ ಎಂದು ಸಗಟು ಅಂಗಡಿಯವರಿಗೆ ಹೇಳಬೇಕು. ತಕ್ಕಡಿಯ ಫೋಟೊ ಒಂದು, ಡಾಕೆಟ್ಟಿನ ಫೋಟೊ ಒಂದು. ಡಾಕೆಟ್ ಅದೇ ದಿನ ಕೈಗೆ ಬಂದರೆ ಪಿನ್‌ಕೋಡ್, ಬಾಕ್ಸಿನ ಸಂಖ್ಯೆ, ಚಾರ್ಜ್ಡ್ ವೇಟ್ ತಪ್ಪಿದ್ದಲ್ಲಿ ಗಾಡಿ ಹೊರಡುವ ಮೊದಲೇ ತಿದ್ದಿಸಬಹುದು. ಬುಕ್ಕಿಂಗಿನ ಡಾಕೆಟ್ಟಿನಲ್ಲಿ 120 ಇದ್ದು ಬಿಲ್ಲಿನಲ್ಲಿ 147 ಬಂದರೆ ದಾರಿಯ ಹಬ್ಬಿನಲ್ಲಿ ಮರು ಅಳತೆಯಾಗಿದೆ ಎಂದರ್ಥ. ಆ ಅಳತೆಯ ದಾಖಲೆಯನ್ನು ಕೇಳಿ. ಯಂತ್ರದಲ್ಲಿ ಅಳೆದಿದ್ದರೆ ಬಾಕ್ಸಿನ ಚಿತ್ರ ಅವರ ಬಳಿ ಇರುವ ಸಂಭವ ಹೆಚ್ಚು.

ಇಳಿಸಿಕೊಳ್ಳುವಾಗ ಬಾಕ್ಸು ಬಿಚ್ಚುವ ಮುನ್ನ ಇನ್ನೊಮ್ಮೆ ಅಳೆದು ಫೋಟೊ ತೆಗೆಯಿರಿ. ಬಿಚ್ಚಿದ ಬಾಕ್ಸಿನ ಅಳತೆಯನ್ನು ಯಾರೂ ಒಪ್ಪುವುದಿಲ್ಲ. ದುಡ್ಡು ಕೊಟ್ಟು, ಡೆಲಿವರಿ ಪ್ರತಿಯ ಮೇಲೆ ಸಹಿಯ ಜೊತೆ "ತೂಕದ ಬಗ್ಗೆ ತಕರಾರಿದೆ, ನನ್ನ ಅಳತೆ 60 × 50 × 45" ಎಂದು ಬರೆಯಿರಿ. ಮಾಲು ಒಡೆದಿದ್ದರೆ, ಕಡಿಮೆಯಿದ್ದರೆ ಅದನ್ನೂ ಅಲ್ಲಿಯೇ ಬರೆಯಬೇಕು. ಬಿಲ್ಲಿನ ತಕರಾರಿಗೆ ಎಷ್ಟು ದಿನ ಎಂಬುದು ಬಿಲ್ಲಿನ ಕೆಳಗೋ ಹಿಂದೆಯೋ ಸಣ್ಣಕ್ಷರದಲ್ಲಿರುತ್ತದೆ, ಅದರೊಳಗೆ ಇಮೇಲ್ ಹೋಗಬೇಕು. ನಷ್ಟಕ್ಕೆ ಕೋರ್ಟಿಗೆ ಹೋಗುವ ಮಾತಿದ್ದರೆ 2007ರ ಕಾಯ್ದೆಯ ಪ್ರಕಾರ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಆ 180 ದಿನವನ್ನು ಮಾಲು ಬಂದ ದಿನದಿಂದ ಎಣಿಸುವಂತಿಲ್ಲ, ಡಾಕೆಟ್ಟಿನ ಮೇಲಿನ ತಾರೀಖಿನಿಂದಲೇ ಎಣಿಸಬೇಕು.